ಹದಿನೇಳು ವಾರದಲ್ಲಿ ಪಾಠಕ್ಕೆ ಸಿಗುವುದೆಷ್ಟು?

ನವೆಂಬರ್ ಅರ್ಧ ಕಳೆಯುತ್ತಿದ್ದಂತೆ ಪದವಿ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಪೋರ್ಷನ್ ಮುಗೀತಾ ಮೇಡಂ?’ ಒಬ್ಬರದು ಮುಗಿದು ರಿವಿಜನ್ ನಡೆದಿರುತ್ತದೆ. ಪಕ್ಕದ ಮೇಜಿನವರಿಗೆ ಇನ್ನೂ ಒಂದು ಘಟಕದ ಅರ್ಧ ಬಾಕಿ. ಇಬ್ಬರೂ ಒಂದೇ ದಿನ ಪಾಠ ಶುರು ಮಾಡಿದವರು, ಇಬ್ಬರಿಗೂ ವಾರಕ್ಕೆ ನಾಲ್ಕೇ ಗಂಟೆ. ಹಿಂದೆ ಬಿದ್ದವರು ನಿಧಾನಿಗಳು ಎಂದು ನಾನೂ ಬಹಳ ಕಾಲ ನಂಬಿದ್ದೆ. ಟೈಮ್‌ಟೇಬಲ್ ಹಾಕುವ ಕೆಲಸ ನನ್ನ ಪಾಲಿಗೆ ಬಂದ ವರ್ಷ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಎಣಿಸಿದೆ. ತಪ್ಪು ಅವರದಾಗಿರಲಿಲ್ಲ, ನಾವು ವಾರ ಎಣಿಸುತ್ತಿದ್ದ ರೀತಿಯದಾಗಿತ್ತು.

ಎಣಿಕೆ ಹೇಗೆಂದು 2025ರ ಕ್ಯಾಲೆಂಡರ್ ಹಿಡಿದು ನೋಡೋಣ. ಒಂದು ಕಾಲೇಜಿನಲ್ಲಿ ಆಗಸ್ಟ್ 4ರ ಸೋಮವಾರ ತರಗತಿ ಶುರುವಾಗಿ, ಡಿಸೆಂಬರ್ 1ರ ಸೋಮವಾರ ಪರೀಕ್ಷೆ ಆರಂಭವಾಗುತ್ತದೆ ಎಂದಿಟ್ಟುಕೊಳ್ಳಿ. ದಸರಾ ರಜೆ ಸೆಪ್ಟೆಂಬರ್ 25ರ ಗುರುವಾರದಿಂದ ಅಕ್ಟೋಬರ್ 5ರ ಭಾನುವಾರದವರೆಗೆ. ವಾರಕ್ಕೆ ಆರು ದಿನ ಕಾಲೇಜು.

ಮೊದಲು ಒಟ್ಟು ವಾರ. ಆಗಸ್ಟ್ 4ರಿಂದ ಡಿಸೆಂಬರ್ 1ಕ್ಕೆ 119 ದಿನ, ಏಳರಿಂದ ಭಾಗಿಸಿದರೆ 17 ವಾರ. ಡಿಸೆಂಬರ್ 1 ಪರೀಕ್ಷೆಯ ದಿನವಾದ್ದರಿಂದ ಅದು ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ದಿನಾಂಕದಿಂದ ದಿನಾಂಕ ಕಳೆದರೆ ಸಾಕು. ಕೊನೆಯ ಪಾಠದ ದಿನವನ್ನು ಹಿಡಿದು ಎಣಿಸುವವರು ಮಾತ್ರ ಕಳೆದ ಮೇಲೆ ಒಂದು ಕೂಡಿಸಬೇಕು. ಅದನ್ನು ಮರೆತರೆ ಒಂದು ದಿನ ಕಾಣೆಯಾಗುತ್ತದೆ.

ಈಗ ದಸರಾ ರಜೆ ಕಳೆಯಬೇಕು. ಗುರುವಾರ ಶುರುವಾದ ರಜೆ ಕ್ಯಾಲೆಂಡರಿನ ಎರಡು ಸಾಲುಗಳಲ್ಲಿ ಹರಡಿಕೊಂಡಿದೆ. ಸಾಲು ನೋಡಿ ಎಣಿಸಿದವರು ಎರಡು ವಾರ ಕಳೆದು 15 ಎನ್ನುತ್ತಾರೆ. ಪೂರ್ತಿ ಖಾಲಿಯಾದ ವಾರ ಒಂದೇ ಎಂದುಕೊಂಡವರು 16 ಎನ್ನುತ್ತಾರೆ. ಎರಡೂ ಸರಿಯಲ್ಲ. ಮೊದಲ ಸಾಲಿನಲ್ಲಿ ಹೋದದ್ದು ಗುರುವಾರ, ಶುಕ್ರವಾರ, ಶನಿವಾರ. ಎರಡನೆಯ ಸಾಲಿನಲ್ಲಿ ಪೂರ್ತಿ ಆರು ದಿನ. ಒಟ್ಟು ಒಂಬತ್ತು ದಿನ, ಅಂದರೆ ಒಂದೂವರೆ ವಾರ. ಉಳಿದದ್ದು ಹದಿನೈದೂವರೆ ವಾರ, 93 ದಿನ.

ಇಲ್ಲಿಗೆ ಎಲ್ಲರೂ ನೆಮ್ಮದಿಯಾಗಿ ಪೆನ್ನು ಕೆಳಗಿಡುತ್ತಾರೆ. ಯುಜಿಸಿಯ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿಯಲ್ಲಿ ಒಂದು ಸೆಮಿಸ್ಟರ್ ಎಂದರೆ 15ರಿಂದ 18 ವಾರ, 90 ಬೋಧನಾ ದಿನ. ನಮ್ಮಲ್ಲಿ 93 ಇದೆಯಲ್ಲ! ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಗಳು ಇನ್ನೂ ಉಳಿದಿವೆ. ಸ್ವಾತಂತ್ರ್ಯ ದಿನ ಶುಕ್ರವಾರ, ಗಣೇಶ ಚತುರ್ಥಿ ಬುಧವಾರ, ಈದ್ ಮಿಲಾದ್ ಶುಕ್ರವಾರ, ವಾಲ್ಮೀಕಿ ಜಯಂತಿ ಮಂಗಳವಾರ, ನರಕ ಚತುರ್ದಶಿ ಸೋಮವಾರ, ಬಲಿಪಾಡ್ಯಮಿ ಬುಧವಾರ, ರಾಜ್ಯೋತ್ಸವ ಮತ್ತು ಕನಕ ಜಯಂತಿ ಎರಡೂ ಶನಿವಾರ. ಹೀಗೆ ಎಂಟು ದಿನ. ಆಯುಧಪೂಜೆ ಮತ್ತು ವಿಜಯದಶಮಿ, ಅಂದರೆ ಅಕ್ಟೋಬರ್ 1 ಮತ್ತು 2, ದಸರಾ ರಜೆಯೊಳಗೇ ಹೋಗಿವೆ. ಅವನ್ನು ಮತ್ತೆ ಕಳೆಯಬಾರದು. ಸರ್ಕಾರಿ ರಜಾಪಟ್ಟಿಯನ್ನು ಹಾಗೇ ಇಳಿಸಿಕೊಂಡು ಕಳೆಯುವವರು ಎಡವುವುದು ಇಲ್ಲೇ. 93ರಲ್ಲಿ ಎಂಟು ಹೋದರೆ 85. ಪರೀಕ್ಷೆಗೆ ಮುಂಚಿನ ಒಂದು ವಾರ ಸ್ಟಡಿ ಹಾಲಿಡೇ ಕೊಟ್ಟರೆ ಇನ್ನೂ ಆರು ಹೋಗಿ 79. ತೊಂಬತ್ತಕ್ಕೆ ಹನ್ನೊಂದು ದಿನ ಕಡಿಮೆ. ಇಂಟರ್ನಲ್ ಟೆಸ್ಟ್‌ಗಳಿಗೆ ತರಗತಿ ನಿಲ್ಲಿಸುವ ಕಾಲೇಜಾದರೆ ಆ ದಿನಗಳನ್ನೂ ಕಳೆಯಬೇಕು.

79 ದಿನವನ್ನು ಆರರಿಂದ ಭಾಗಿಸಿದರೆ ಹದಿಮೂರು ವಾರ ಚಿಲ್ಲರೆ. ಸ್ಟಾಫ್ ರೂಮಿನ ಆ ಇಬ್ಬರ ಕಥೆ ಈ ಸರಾಸರಿಯಲ್ಲಿ ಕಾಣುವುದಿಲ್ಲ. ಅದಕ್ಕೆ ಸೋಮವಾರ ಎಷ್ಟು, ಶುಕ್ರವಾರ ಎಷ್ಟು ಎಂದು ವಾರವಾರು ಎಣಿಸಬೇಕು.

| ದಿನ | ದಸರಾ ರಜೆ ಕಳೆದು | ಹಬ್ಬ, ಜಯಂತಿ ಕಳೆದು | ಸ್ಟಡಿ ಹಾಲಿಡೇ ಕಳೆದು |
|---|---|---|---|
| ಸೋಮ | 16 | 15 | 14 |
| ಮಂಗಳ | 16 | 15 | 14 |
| ಬುಧ | 16 | 14 | 13 |
| ಗುರು | 15 | 15 | 14 |
| ಶುಕ್ರ | 15 | 13 | 12 |
| ಶನಿ | 15 | 13 | 12 |

ಸೋಮ, ಮಂಗಳ, ಬುಧ, ಗುರುವಾರ ತರಗತಿ ಇರುವವರಿಗೆ ಸಿಗುವುದು 55 ಗಂಟೆ. ಸೋಮ, ಬುಧ, ಶುಕ್ರ, ಶನಿವಾರ ಇರುವವರಿಗೆ 51. ನಾಲ್ಕು ಕ್ರೆಡಿಟ್‌ನ ವಿಷಯಕ್ಕೆ ಹದಿನೈದು ವಾರದ ಲೆಕ್ಕದಲ್ಲಿ ಬೇಕಾದದ್ದು 60. ಇಬ್ಬರಿಗೂ ಕಡಿಮೆಯೇ, ಆದರೆ ಎರಡನೆಯವರಿಗೆ ಇನ್ನೂ ಒಂದು ಇಡೀ ವಾರದ ಪಾಠ ಕಡಿಮೆ. ಬಾಕಿ ಉಳಿದ ಅರ್ಧ ಘಟಕ ಬಂದದ್ದು ಇಲ್ಲಿಂದ. ವಾರಕ್ಕೊಂದೇ ಪ್ರಾಯೋಗಿಕ ತರಗತಿ ಶುಕ್ರವಾರ ಬಿದ್ದ ಬ್ಯಾಚಿಗಂತೂ ಹನ್ನೆರಡೇ ಸಲ ಲ್ಯಾಬ್. ಸೋಮವಾರದ ಬ್ಯಾಚಿಗೆ ಹದಿನಾಲ್ಕು. ಬರೆಯಬೇಕಾದ ರೆಕಾರ್ಡ್ ಮಾತ್ರ ಇಬ್ಬರಿಗೂ ಒಂದೇ.

ಕೈಯಲ್ಲಿ ಎಣಿಸಲು ಬೇಸರವಾದರೆ ಎಕ್ಸೆಲ್‌ನಲ್ಲಿ ಒಂದು ಸೂತ್ರವಿದೆ. A1ರಲ್ಲಿ ಮೊದಲ ದಿನ, B1ರಲ್ಲಿ ಕೊನೆಯ ಪಾಠದ ದಿನ (ನಮ್ಮ ಲೆಕ್ಕಕ್ಕೆ ನವೆಂಬರ್ 22), C ಕಾಲಮ್ಮಿನಲ್ಲಿ ರಜೆಯ ದಿನಾಂಕಗಳನ್ನು ಒಂದೊಂದಾಗಿ ಬರೆಯಿರಿ. ದಸರಾ ರಜೆಯ ಒಂಬತ್ತು ದಿನವೂ ಅಲ್ಲಿ ಬರಲೇಬೇಕು.

```
=NETWORKDAYS.INTL(A1,B1,11,C1:C17)
=NETWORKDAYS.INTL(A1,B1,"1111011",C1:C17)
```

ಮೊದಲ ಸಾಲಿನ 11 ಎಂದರೆ ಭಾನುವಾರವಷ್ಟೇ ವಾರದ ರಜೆ. ಉತ್ತರ 79 ಬರುತ್ತದೆ. ಎರಡನೆಯದರ ಏಳು ಅಂಕಿಗಳು ಸೋಮವಾರದಿಂದ ಭಾನುವಾರದವರೆಗಿನ ದಿನಗಳು. 1 ಇದ್ದರೆ ಬಿಡು, 0 ಇದ್ದರೆ ಎಣಿಸು. ಇಲ್ಲಿ ಸೊನ್ನೆ ಶುಕ್ರವಾರದ ಜಾಗದಲ್ಲಿದೆ, ಉತ್ತರ 12. ಸೂತ್ರ ಎರಡೂ ತುದಿಯ ದಿನಗಳನ್ನು ಸೇರಿಸಿಯೇ ಎಣಿಸುವುದರಿಂದ B1ರಲ್ಲಿ ಪರೀಕ್ಷೆಯ ದಿನಾಂಕ ಹಾಕಬಾರದು.

ಈ ಪಟ್ಟಿ ಜುಲೈನಲ್ಲೇ ಕೈಯಲ್ಲಿದ್ದರೆ ಸರಿಪಡಿಸುವುದು ಸುಲಭ. ಯಾವುದಾದರೂ ಒಂದು ಸೋಮವಾರ ಶುಕ್ರವಾರದ ಟೈಮ್‌ಟೇಬಲ್, ಒಂದು ಮಂಗಳವಾರ ಶನಿವಾರದ ಟೈಮ್‌ಟೇಬಲ್ ನಡೆಸಿದರೆ ಸಾಕು. ಆಗ ಗುರುವಾರ 14, ಉಳಿದೆಲ್ಲ ದಿನ ಹದಿಮೂರು ಹದಿಮೂರು. ಆ ಇಬ್ಬರ ಅಂತರ ನಾಲ್ಕು ಗಂಟೆಯಿಂದ ಒಂದಕ್ಕೆ ಇಳಿಯುತ್ತದೆ, 53 ಮತ್ತು 52. ಶನಿವಾರ ಅರ್ಧ ದಿನ ನಡೆಸುವ ಕಾಲೇಜಿನಲ್ಲಿ ಮಾತ್ರ ಆ ಅದಲುಬದಲಿಗೆ ಗಂಟೆಗಳನ್ನೂ ನೋಡಿಕೊಳ್ಳಬೇಕು. ಆದರೆ ಇದರಿಂದ ಒಟ್ಟು ದಿನ ಒಂದೂ ಹೆಚ್ಚುವುದಿಲ್ಲ. ಅರವತ್ತಕ್ಕೆ ಉಳಿದ ಏಳೆಂಟು ಗಂಟೆಗೆ ಹೆಚ್ಚುವರಿ ತರಗತಿ ಇಡಬೇಕು, ಅದನ್ನು ಸ್ವಲ್ಪ ತಗ್ಗಿಸಲು ದಸರಾ ರಜೆಯನ್ನು ಸೆಪ್ಟೆಂಬರ್ 29ರ ಸೋಮವಾರದಿಂದ ಕೊಡಬಹುದು. ಹಾಗೆ ಮಾಡಿದರೆ ಒಂದು ಗುರುವಾರ, ಒಂದು ಶುಕ್ರವಾರ, ಒಂದು ಶನಿವಾರ ಮರಳಿ ಸಿಗುತ್ತವೆ. ಆ ವಾರದ ಆರು ದಿನಗಳಲ್ಲಿ ಎರಡು ಹೇಗೂ ಸರ್ಕಾರಿ ರಜೆ, ಹಾಗಾಗಿ ಪಾಠಕ್ಕೆ ನಷ್ಟ ನಾಲ್ಕೇ ದಿನ.

ಪಾಠ ಯೋಜನೆ ಬರೆಯುವಾಗಲೂ ‘ಎಂಟನೇ ವಾರ, ಮೂರನೇ ಘಟಕ’ ಎಂದು ಬರೆಯುವುದನ್ನು ನಾನು ಬಿಟ್ಟಿದ್ದೇನೆ. ದಸರಾ ವಾರಕ್ಕೆ ಅಂಕಿ ಕೊಡಬೇಕೋ ಬೇಡವೋ ಎಂಬ ಗೊಂದಲದಲ್ಲಿ ಒಬ್ಬರ ಒಂಬತ್ತನೇ ವಾರ ಇನ್ನೊಬ್ಬರ ಹತ್ತನೆಯದಾಗುತ್ತದೆ. ಈಗ ನಾನು ಬರೆಯುವುದು ಗಂಟೆಯ ಸಂಖ್ಯೆ: ಇಪ್ಪತ್ತಾರನೇ ಗಂಟೆಗೆ ಎರಡನೇ ಘಟಕ ಮುಗಿಯಬೇಕು. ಹಾಜರಿ ಪುಸ್ತಕದಲ್ಲಿ ತೆಗೆದುಕೊಂಡ ತರಗತಿಗಳು ಒಂದರ ಪಕ್ಕ ಒಂದು ಸಾಲಾಗಿ ಇರುತ್ತವೆ. ಸೆಪ್ಟೆಂಬರ್ 24ರ ಬುಧವಾರ, ರಜೆಗೆ ಮಕ್ಕಳನ್ನು ಕಳಿಸುವ ಮುನ್ನ, ಆ ಸಾಲನ್ನು ಬೆರಳಿಟ್ಟು ಎಣಿಸಿದರೆ ನಾನು ಎಲ್ಲಿದ್ದೇನೆ ಎಂಬುದು ಅಲ್ಲೇ ತಿಳಿಯುತ್ತದೆ, ನವೆಂಬರ್‌ವರೆಗೆ ಕಾಯಬೇಕಿಲ್ಲ.