ನಾಲ್ಕನೆಯವನ ಲೆಕ್ಕ

ರಾತ್ರಿ ಹತ್ತು ಗಂಟೆ. ಬೆಂಗಳೂರಿನ ಯಾವುದೋ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಪಂಪು, ಜನರೇಟರು, ಲಿಫ್ಟು, ಎಸಿಗಳ ಮೇಲೆ ಕಣ್ಣಿಟ್ಟು ಕೂರುವ ಕೊಠಡಿ. ಸೆಕೆಂಡ್ ಶಿಫ್ಟಿನವನು ಲಾಗ್‌ಬುಕ್ಕಿನಲ್ಲಿ ಕೊನೆಯ ರೀಡಿಂಗ್ ಬರೆದು, ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿ ಬಾಗಿಲು ನೋಡುತ್ತಿದ್ದಾನೆ. ಹತ್ತೂಕಾಲಾಯಿತು, ರಿಲೀವರ್ ಬರಲಿಲ್ಲ. ಹತ್ತೂವರೆಗೆ ಸೂಪರ್‌ವೈಸರ್ ಫೋನು: ‘ಅವನಿಗೆ ಜ್ವರವಂತೆ. ಇವತ್ತೊಂದಿನ ನೋಡ್ಕೋ ಮಾರಾಯ, ಓಟಿ ಹಾಕ್ತೀನಿ.’

ಪಾಳಿಯಲ್ಲಿ ದುಡಿದವರಿಗೆಲ್ಲ ಗೊತ್ತಿರುವ ಫೋನು ಇದು. ಇಲ್ಲಿ ಎಣಿಸಬೇಕಾದ್ದು ಡ್ಯೂಟಿಯ ಗಂಟೆಗಳನ್ನಲ್ಲ, ಎಚ್ಚರದ ಗಂಟೆಗಳನ್ನು. ಬೆಳಿಗ್ಗೆ ಎಂಟಕ್ಕೆ ಎದ್ದವನಿಗೆ ರಾತ್ರಿ ಒಂದಕ್ಕೆ 17 ಗಂಟೆ ತುಂಬುತ್ತದೆ, ಬೆಳಗಿನ ಆರಕ್ಕೆ 22. ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ಕುಡಿದು ವಾಹನ ಓಡಿಸಿದ್ದಾನೆ ಎಂದು ಹಿಡಿಯಲು ಶೇ 0.03 ದಾಟಿದರೆ ಸಾಕು. ಡಬಲ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಆರಕ್ಕೆ ಬೈಕ್ ಒದೆಯುವವನಿಗೆ ಊದಿಸಿ ನೋಡುವ ಯಂತ್ರ ಮಾತ್ರ ಇಲ್ಲ.

ಆ ಫೋನು ಯಾಕೆ ಬರುತ್ತದೆ? ಜ್ವರ ಬಂದದ್ದಕ್ಕೆ ಎನ್ನಬಹುದು. ಆದರೆ ಆ ಕೊಠಡಿಗೆ ಎಷ್ಟು ಜನ ಬೇಕು ಎಂದು ಲೆಕ್ಕ ಹಾಕಿದ ದಿನವೇ ಆ ಫೋನೂ ನಿಗದಿಯಾಗಿರುತ್ತದೆ. ಆ ಲೆಕ್ಕಕ್ಕೆ ನೂರು ವರ್ಷ ದಾಟಿದೆ.

ಕುಲುಮೆ ಆರಿಸುವಂತಿಲ್ಲ ಎಂಬ ಕಾರಣಕ್ಕೆ ಇಪ್ಪತ್ತನಾಲ್ಕು ಗಂಟೆಯ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ಉಕ್ಕಿನ ಕಾರ್ಖಾನೆಗಳು. ಅಮೆರಿಕದ ಉಕ್ಕಿನ ಊರುಗಳಲ್ಲಿ ಆಗ ಇದ್ದದ್ದು ಎರಡೇ ಪಾಳಿ, ಹನ್ನೆರಡು ಹನ್ನೆರಡು ಗಂಟೆಯವು. ಹಗಲಿನವರು ರಾತ್ರಿಗೆ, ರಾತ್ರಿಯವರು ಹಗಲಿಗೆ ಬದಲಾಗಬೇಕಲ್ಲ? ಅದಕ್ಕೆ ಎರಡು ವಾರಕ್ಕೊಮ್ಮೆ ಒಂದು ತಂಡ ಇಪ್ಪತ್ತನಾಲ್ಕು ಗಂಟೆ ಸತತವಾಗಿ ನಿಲ್ಲುತ್ತಿತ್ತು. ಅದರ ಹೆಸರು ‘ಲಾಂಗ್ ಟರ್ನ್’. ಇನ್ನೊಂದು ತಂಡಕ್ಕೆ ಅದೇ ದಿನ ರಜೆ. ಒಬ್ಬರ ರಜೆಯನ್ನು ಇನ್ನೊಬ್ಬರ ನಿದ್ದೆಯಿಂದ ಕಡ ತಂದ ವ್ಯವಸ್ಥೆ ಅದು. 1919ರ ಸೆಪ್ಟೆಂಬರಿನಲ್ಲಿ ಅಲ್ಲಿನ ಉಕ್ಕಿನ ಕಾರ್ಮಿಕರು ಮುಷ್ಕರ ಹೂಡಿದಾಗ ಈ ಇಪ್ಪತ್ತನಾಲ್ಕು ಗಂಟೆಯ ಪಾಳಿಯ ರದ್ದತಿಯೂ ಬೇಡಿಕೆಗಳಲ್ಲಿ ಒಂದಾಗಿತ್ತು. ಮುಷ್ಕರ ಸೋತಿತು. ಹನ್ನೆರಡು ಗಂಟೆಯ ದಿನವನ್ನು ಬಿಡಲು ಕಂಪನಿಗಳು ಒಪ್ಪಿದ್ದು 1923ರಲ್ಲಿ, ಅಧ್ಯಕ್ಷ ಹಾರ್ಡಿಂಗ್ ಒತ್ತಡ ಹೇರಿದ ಮೇಲೆ.

ಮುಷ್ಕರ ನಡೆಯುತ್ತಿದ್ದಾಗಲೇ ವಾಷಿಂಗ್ಟನ್ನಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಸಮ್ಮೇಳನ ಸೇರಿತ್ತು. ಅಲ್ಲಿ ಒಪ್ಪಿದ ಮೊದಲ ಒಡಂಬಡಿಕೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯದು. ಅದರ ಒಳಗೊಂದು ಸಣ್ಣ ಕಿಂಡಿಯಿತ್ತು: ನಿಲ್ಲಿಸಲಾಗದ ಕೆಲಸಗಳಲ್ಲಿ ವಾರದ ಸರಾಸರಿ 56 ಗಂಟೆಯವರೆಗೂ ಹೋಗಬಹುದು. ಈ 56 ಆಕಾಶದಿಂದ ಉದುರಿದ ಸಂಖ್ಯೆಯಲ್ಲ. ವಾರಕ್ಕೆ 168 ಗಂಟೆ. ಮೂರು ತಂಡಗಳಿಗೆ ಹಂಚಿದರೆ ತಲಾ 56. ಅಂದರೆ ಕಿಂಡಿ ಬಿಟ್ಟದ್ದು ಮೂರೇ ತಂಡಗಳಲ್ಲಿ ಕೆಲಸ ಸಾಗಿಸಲು, ನಾಲ್ಕನೆಯವನನ್ನು ಕರೆಯದಿರಲು. ಬ್ರಿಟಿಷ್ ಇಂಡಿಯಾಕ್ಕಂತೂ ಪ್ರತ್ಯೇಕ ಕಲಮು ಬರೆದು ವಾರಕ್ಕೆ 60 ಗಂಟೆ ಎಂದರು. ಇಲ್ಲಿ 48 ಬಂದದ್ದು ಕಾರ್ಖಾನೆ ಕಾಯ್ದೆಯ 1946ರ ತಿದ್ದುಪಡಿಯಲ್ಲಿ.

ನಾಲ್ಕು ಜನರಾದರೆ ತಲಾ 42 ಗಂಟೆ. ಮೂವರಾದರೆ ಪ್ರತಿಯೊಬ್ಬನ ತಲೆಯ ಮೇಲೆ ವಾರವಾರವೂ 8 ಗಂಟೆ ಹೆಚ್ಚುವರಿ, ವಾರದ ರಜೆ ಪೂರಾ ಖೋತಾ. ಮಾಲೀಕ ನಾಲ್ಕನೆಯವನನ್ನು ಏಕೆ ತೆಗೆದುಕೊಳ್ಳಬೇಕು? ಇಲ್ಲಿ ಓಟಿ ದರ ಮುಖ್ಯವಾಗುತ್ತದೆ. ವಾಷಿಂಗ್ಟನ್ ಒಡಂಬಡಿಕೆ ಕೇಳಿದ್ದು ಕನಿಷ್ಠ ಒಂದೂಕಾಲು ಪಟ್ಟು. ಆ ದರದಲ್ಲಿ ಒಬ್ಬನ ವಾರದ ಕೂಲಿ 48 ಗಂಟೆಯದು, ಅದರ ಮೇಲೆ ಓಟಿಯ 10 ಗಂಟೆಯಷ್ಟು. ಮೂವರಿಗೆ ಒಟ್ಟು 174 ಗಂಟೆಯ ಕೂಲಿ. ನಾಲ್ವರನ್ನು ಇಟ್ಟು, ಅವರು 42 ಗಂಟೆ ದುಡಿದರೂ 48ರ ಪೂರ್ತಿ ಸಂಬಳ ಕೊಟ್ಟರೆ 192. ಮೂವರೇ ಅಗ್ಗ.

1948ರ ಕಾರ್ಖಾನೆ ಕಾಯ್ದೆಯ 59ನೇ ಕಲಮು ಓಟಿಗೆ ದುಪ್ಪಟ್ಟು ದರ ಇಟ್ಟಿತು. ಈಗ ಎಣಿಸಿ ನೋಡಿ. 48ರ ಮೇಲೆ 8 ಗಂಟೆಗೆ 16 ಗಂಟೆಯ ಕೂಲಿ, ತಲೆಗೆ 64, ಮೂವರಿಗೆ 192. ನಾಲ್ವರಿಗೂ ಅದೇ 192! ಕಾಯ್ದೆ ಬರೆದವರು ಈ ಲೆಕ್ಕ ಹಾಕಿಯೇ ದುಪ್ಪಟ್ಟು ಎಂದರೋ, ಅದು ಹಾಗೆ ಕೂಡಿಬಂತೋ, ತಕ್ಕಡಿಯಂತೂ ಸಮವಾಯಿತು. ದುಪ್ಪಟ್ಟು ದರವನ್ನು ದಣಿದವನಿಗೆ ಕೊಡುವ ಬಹುಮಾನ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅದಕ್ಕಿಂತ ಹೆಚ್ಚಾಗಿ ಅದು ನಾಲ್ಕನೆಯವನ ನೇಮಕಾತಿ ಪತ್ರ. ಮೂಲವೇತನದ ಮೇಲಷ್ಟೇ ಓಟಿ ಲೆಕ್ಕ ಹಾಕುವ, ಓಟಿ ಬದಲು ‘ಕಾಂಪ್ ಆಫ್’ ಬರೆದುಕೊಂಡು ಅದನ್ನು ಕೊನೆಗೂ ಕೊಡದ ಕಡೆಗಳಲ್ಲಿ ಆ ಪತ್ರ ಅಂಚೆಗೇ ಹೋಗುವುದಿಲ್ಲ.

ಅದೇ ಕಾಯ್ದೆಯ 57ನೇ ಕಲಮು ಇನ್ನೊಂದು ಸೂಕ್ಷ್ಮವನ್ನು ಮುಟ್ಟಿತ್ತು. ಮಧ್ಯರಾತ್ರಿ ದಾಟುವ ಪಾಳಿಯವನ ವಾರದ ರಜೆಯನ್ನು ಕ್ಯಾಲೆಂಡರಿನ ತಾರೀಖಿನಿಂದ ಎಣಿಸುವಂತಿಲ್ಲ, ಅವನ ಪಾಳಿ ಮುಗಿದ ಗಳಿಗೆಯಿಂದ 24 ಗಂಟೆ ಎಣಿಸಬೇಕು. ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಆರರವರೆಗೆ ದುಡಿದವನನ್ನು ಅದೇ ರಾತ್ರಿ ಹನ್ನೆರಡಕ್ಕೆ ಕರೆದು, ‘ಭಾನುವಾರ ರಜೆ ಕೊಟ್ಟಾಯ್ತಲ್ಲ’ ಎನ್ನಬಹುದಿತ್ತು. ಆದರೂ ಆ 24 ಗಂಟೆಯಲ್ಲಿ ಮೊದಲ ಏಳೆಂಟು ನಿದ್ದೆಗೇ ಹೋಗುತ್ತವೆ. ಮಕ್ಕಳ ಜೊತೆ ಕೂರಲು ಸಿಗುವುದು ಒಂದು ಸಂಜೆ.

ಎಷ್ಟು ಗಂಟೆ ಎಂಬುದು ಹೀಗೆ ಕಾನೂನಿಗೆ ಬಂತು. ಯಾವ ಕ್ರಮದಲ್ಲಿ ಎಂಬುದನ್ನು ಕೇಳಲು ಇನ್ನೂ ಮೂರು ದಶಕ ಬೇಕಾಯಿತು. ಅಮೆರಿಕದ ಯೂಟಾ ರಾಜ್ಯದ ಓಗ್ಡನ್‌ನಲ್ಲಿ, ಗ್ರೇಟ್ ಸಾಲ್ಟ್ ಲೇಕಿನ ಉಪ್ಪುನೀರಿನಿಂದ ಖನಿಜ ತೆಗೆಯುವ ಕಾರ್ಖಾನೆಯ ಪಾಳಿ ವಾರಕ್ಕೊಮ್ಮೆ ಹಿಂದಕ್ಕೆ ತಿರುಗುತ್ತಿತ್ತು: ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ. ಚಾರ್ಲ್ಸ್ ಝೈಸ್ಲರ್ ಮತ್ತು ಸಂಗಡಿಗರು ಅದನ್ನು ಮುಂದಕ್ಕೆ ತಿರುಗಿಸಿದರು: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಒಂದು ಗುಂಪಿಗೆ ಮೂರು ವಾರಕ್ಕೊಮ್ಮೆ ಮಾತ್ರ ಬದಲಾವಣೆ. ಕಾರ್ಮಿಕರ ತೃಪ್ತಿ, ಆರೋಗ್ಯ, ಉತ್ಪಾದನೆ ಮೂರೂ ಸುಧಾರಿಸಿದವು. 1982ರಲ್ಲಿ ‘ಸೈನ್ಸ್’ ಪತ್ರಿಕೆ ಅದನ್ನು ಅಚ್ಚುಮಾಡಿತು. ಕಾರಣ ಸರಳ. ನಮ್ಮ ದೇಹದ ಗಡಿಯಾರದ ದಿನ 24 ಗಂಟೆಗಿಂತ ತುಸು ಉದ್ದ. ಆದ್ದರಿಂದ ತಡವಾಗಿ ಮಲಗುವುದು ಅದಕ್ಕೆ ಸಲೀಸು, ಬೇಗ ಮಲಗುವುದು ಕಷ್ಟ.

ಮುಂದಕ್ಕೆ ತಿರುಗುವ ಪಾಳಿಯ ಇನ್ನೊಂದು ಲಾಭ ಕೈಬೆರಳಲ್ಲೇ ಎಣಿಸುವಂಥದ್ದು. ನಾಲ್ವರ ತಂಡ, ಎಂಟು ದಿನದ ಸುತ್ತು ಎಂದುಕೊಳ್ಳಿ: ಎರಡು ಫಸ್ಟ್, ಎರಡು ಸೆಕೆಂಡ್, ಎರಡು ನೈಟ್, ಎರಡು ರಜೆ. ಬೆಳಿಗ್ಗೆಯಿಂದ ಮಧ್ಯಾಹ್ನದ ಪಾಳಿಗೆ ಬದಲಾಗುವಾಗ ನಡುವೆ 24 ಗಂಟೆ ಸಿಗುತ್ತದೆ. ಎರಡನೇ ನೈಟ್ ಮುಗಿದ ಮೇಲೆ 48 ಗಂಟೆ. ಅದೇ ಹಿಂದಕ್ಕೆ ತಿರುಗಿಸಿದರೆ, ಬೆಳಿಗ್ಗೆ ಆರಕ್ಕೆ ನೈಟ್ ಮುಗಿಸಿದವನು ಅದೇ ಮಧ್ಯಾಹ್ನ ಎರಡಕ್ಕೆ ಹಾಜರಾಗಬೇಕು. ನಡುವೆ ಎಂಟೇ ಗಂಟೆ, ಅದರಲ್ಲೂ ಸಿಲ್ಕ್ ಬೋರ್ಡ್ ದಾಟುವುದಕ್ಕೆ ಒಂದೆರಡು.

ಎರಡೇ ನೈಟ್ ಏಕೆ? ಸೈಮನ್ ಫೋಲ್ಕಾರ್ಡ್ ಮತ್ತು ಫಿಲಿಪ್ ಟಕರ್ 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೊದಲ ರಾತ್ರಿಗೆ ಹೋಲಿಸಿದರೆ ಅವಘಡದ ಸಂಭವ ಎರಡನೇ ರಾತ್ರಿ ಶೇ 6, ಮೂರನೇ ರಾತ್ರಿ ಶೇ 17, ನಾಲ್ಕನೇ ರಾತ್ರಿ ಶೇ 36 ಹೆಚ್ಚಿತ್ತು. ‘ಒಂದು ವಾರ ನೈಟ್ ಮಾಡಿದರೆ ಒಗ್ಗಿಹೋಗುತ್ತೆ’ ಎಂಬ ಹಳಬರ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಯೂಟಾದ ಮೂರು ವಾರದ ಸುತ್ತು ಮೇಲೋ ಈ ಎರಡು ದಿನದ ಸುತ್ತು ಮೇಲೋ ಎಂಬ ಬಗ್ಗೆ ತಜ್ಞರಲ್ಲಿ ತಕರಾರಿದೆ. ದಿಕ್ಕಿನ ಬಗ್ಗೆ ಅಷ್ಟಿಲ್ಲ.

ನಾಲ್ವರಾದರೆ ಎಲ್ಲ ಸುಸೂತ್ರವೇ? ಮತ್ತೆ ನೆಲಮಾಳಿಗೆಗೆ ಬರೋಣ. ಈ ಸುತ್ತಿನಲ್ಲಿ ಯಾವ ದಿನವೂ ಒಬ್ಬನೇ ರಜೆಯಲ್ಲಿರುತ್ತಾನೆ. ಮೊದಲ ನೈಟಿನವನಿಗೆ ಜ್ವರ ಬಂದರೆ, ರಜೆಯವನು ಅಂದು ಬೆಳಿಗ್ಗೆಯಷ್ಟೇ ನೈಟ್ ಮುಗಿಸಿದ್ದಾನೆ. ಹಗಲು ಮಲಗಿ ಬಂದು ಮೂರನೇ ನೈಟ್ ಮಾಡಿದರೂ ಅವನಿಗೆ ಮತ್ತೆ 24 ಗಂಟೆ ಬಿಡುವಿದೆ. ಎರಡನೇ ನೈಟಿಗೆ ಜ್ವರ ಬಂದರೆ? ಅಂದು ರಜೆಯಲ್ಲಿರುವವನಿಗೆ ಮರುಬೆಳಿಗ್ಗೆ ಆರಕ್ಕೇ ಫಸ್ಟ್ ಶಿಫ್ಟ್ ಇದೆ. ಅವನನ್ನು ಕರೆದರೆ ಸತತ ಹದಿನಾರು ಗಂಟೆ. ಸೆಕೆಂಡ್ ಶಿಫ್ಟಿನವನನ್ನು ಉಳಿಸಿಕೊಂಡರೂ ಹದಿನಾರು. ಅಂದರೆ ಪಟ್ಟಿಯಲ್ಲಿ ಒಂದು ಬಿಟ್ಟು ಒಂದು ರಾತ್ರಿ ಬದಲಿ ಇಲ್ಲದ ರಾತ್ರಿ, ಮೊದಲ ದಿನದಿಂದಲೇ. ಅನುಭವಿ ಸೂಪರ್‌ವೈಸರುಗಳು ಇಂಥ ರಾತ್ರಿಯನ್ನು ಎರಡು ತುಂಡು ಮಾಡುತ್ತಾರೆ: ಇರುವವನು ಎರಡು ಗಂಟೆಯವರೆಗೆ ನಿಲ್ಲುತ್ತಾನೆ, ಬೆಳಗಿನವನು ಎರಡಕ್ಕೇ ಬರುತ್ತಾನೆ. ಇಬ್ಬರಿಗೂ ಹನ್ನೆರಡು ಗಂಟೆ. ಹದಿನಾರಕ್ಕಿಂತ ವಾಸಿ, ಆದರೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಓಟಿ ಸೇರಿ ದಿನಕ್ಕೆ ಹತ್ತೇ ಗಂಟೆ. ನಿಯಮದೊಳಗೆ ಉಳಿಯುವ ದಾರಿ ಒಂದೇ, ಇಂಥ ಎರಡು ಮೂರು ಕೊಠಡಿಗಳಿಗೆ ಸೇರಿ ಒಬ್ಬ ಕಾಯಂ ರಿಲೀವರ್.

ಅಂಥ ರಿಲೀವರ್ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಲಾಗ್‌ಬುಕ್ಕೇ ಸಾಕ್ಷಿ. ಗಂಟೆಗೊಮ್ಮೆ ಬರೆಯಬೇಕಾದ ರೀಡಿಂಗು ಎರಡು, ಮೂರು, ನಾಲ್ಕು, ಐದು ಗಂಟೆಗೆ ಒಂದೇ ಸಮ ಇರುತ್ತದೆ. ಶಾಯಿಯ ಬಣ್ಣ, ಅಕ್ಷರದ ವಾಲು, ಎಲ್ಲ ಒಂದೇ ಉಸಿರಿನದು. ಟ್ಯಾಂಕಿನ ಮಟ್ಟ ನಾಲ್ಕು ಗಂಟೆ ಕಾಲ ಒಂದು ಇಂಚೂ ಅಲ್ಲಾಡದ ಕಟ್ಟಡ ಇರಲು ಸಾಧ್ಯವಿಲ್ಲ. ಅಂಥ ಪುಟ ಕಂಡಾಗ ಬರೆದವನಿಗೆ ಮೆಮೊ ಕೊಡುವವರು ಹೆಚ್ಚು. ಅವನ ಹಿಂದಿನ ಮೂರು ದಿನದ ಹಾಜರಾತಿ ತೆಗೆದು ನೋಡುವವರು ಕಡಿಮೆ.

ದುಪ್ಪಟ್ಟು ದರ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಉಳಿದಿದೆ. ಅಲ್ಲಾಡುತ್ತಿರುವುದು ಇನ್ನೊಂದು ಗೂಟ, ಓಟಿಯ ಮೇಲ್ಮಿತಿ. ಕರ್ನಾಟಕದ ಕಾರ್ಖಾನೆಗಳಿಗೆ ಮೂರು ತಿಂಗಳಿಗೆ 75 ಗಂಟೆ ಇದ್ದದ್ದನ್ನು 2023ರ ತಿದ್ದುಪಡಿ 145ಕ್ಕೆ ಏರಿಸಿತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿ 50 ಇದ್ದದ್ದನ್ನು 144ಕ್ಕೆ ಒಯ್ಯುವ ಪ್ರಸ್ತಾವವನ್ನು ರಾಜ್ಯ ಸರ್ಕಾರ 2025ರಲ್ಲಿ ಮುಂದಿಟ್ಟಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು. ದಿನಕ್ಕೆ ಹತ್ತೋ ಹನ್ನೆರಡೋ ಎಂಬ ಬಗ್ಗೆಯೇ ಆಗ ಹೆಚ್ಚು ಗಲಾಟೆ. ಮೂವರ ಪಟ್ಟಿಯಲ್ಲಿ ಒಬ್ಬನ ಮೇಲೆ ಬೀಳುವ ಓಟಿ ವಾರಕ್ಕೆ 8 ಗಂಟೆ, ಹದಿಮೂರು ವಾರಕ್ಕೆ 104. ಹಳೆಯ ಮಿತಿ 75 ಇರಲಿ, 50 ಇರಲಿ, ಈ 104 ಎರಡನ್ನೂ ದಾಟುತ್ತಿತ್ತು. ಹೊಸ 145ರೊಳಗಾಗಲಿ, ಪ್ರಸ್ತಾವದ 144ರೊಳಗಾಗಲಿ ಅದು ಆರಾಮವಾಗಿ ಕೂರುತ್ತದೆ.