ಓದುಗ ಬಲ್ಲ, ಪಾತ್ರ ಅರಿಯದು

ರೋಚಕ ಕಥೆಯಲ್ಲಿ ಅಚ್ಚರಿ ಬೇರೆ, ಕಾತರ ಬೇರೆ. ಸಂಗತಿ ಯಾರಿಗೆ ಯಾವಾಗ ತಿಳಿಯಿತೆಂಬುದೇ ಇವೆರಡರ ಅಂತರ. ಚಲನಚಿತ್ರ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಮೇಜಿನಡಿಯ ಬಾಂಬಿನ ನಿದರ್ಶನದಿಂದ ವಿವರಿಸಿದರು. ಬಾಂಬು ಯಾರಿಗೂ ತಿಳಿಯದಂತೆ ಸಿಡಿದರೆ ಪ್ರೇಕ್ಷಕ ಕ್ಷಣಕಾಲ ಬೆಚ್ಚುತ್ತಾನೆ. ಅದು ಅವನಿಗೆ ಮೊದಲೇ ತಿಳಿದಿದ್ದು ಮೇಜಿನ ಬಳಿ ಕುಳಿತವರಿಗೆ ತಿಳಿಯದಿದ್ದರೆ, ಅವರ ಹರಟೆ ಮುಗಿಯುವವರೆಗೂ ತಳಮಳಿಸುತ್ತಾನೆ.

ಇದನ್ನು ನಮ್ಮ ಕಡೆಯ ದಾರಿಗೇ ತಂದು ನೋಡೋಣ. ಗುಬ್ಬಿಯ ವರ್ತಕನೊಬ್ಬ ಕುಣಿಗಲ್ಲಿನಲ್ಲಿ ಬಾಕಿ ವಸೂಲು ಮಾಡಿಕೊಂಡು, ತುಮಕೂರಿನಲ್ಲಿ ಬಸ್ಸು ಬದಲಿಸಿ ಊರಿಗೆ ಹೊರಟಿದ್ದಾನೆಂದು ಕಲ್ಪಿಸಿಕೊಳ್ಳಿ. ಪಕ್ಕದ ಪ್ರಯಾಣಿಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಾನೆ. ವರ್ತಕ ಕುಡಿಯುತ್ತಾನೆ; ಎಚ್ಚರವಾದಾಗ ಹಣದ ಚೀಲವಿಲ್ಲ. ಓದುಗನಿಗೆ ಅಚ್ಚರಿಯಾಗುತ್ತದೆ, ಆದರೆ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ.

ಈಗ ಒಂದೇ ಬದಲಾವಣೆ ಮಾಡಿ. ತುಮಕೂರಿನ ಬಸ್ ನಿಲ್ದಾಣದಲ್ಲಿ ಆ ಮನುಷ್ಯ ಫ್ಲಾಸ್ಕಿಗೆ ಪುಡಿ ಬೆರೆಸಿದ್ದನ್ನು ಓದುಗನಿಗೆ ಮಾತ್ರ ತೋರಿಸಿ. ಮುಂದಿನ ಮಾತುಕತೆಯ ಒಂದಕ್ಷರವನ್ನೂ ತಿದ್ದಬೇಕಿಲ್ಲ. "ಕಾಫಿ ತಗೊಳ್ಳಿ ಸ್ವಾಮಿ", "ಇರಲಿ, ಆಮೇಲೆ ನೋಡೋಣ" ಎಂಬ ಸಪ್ಪೆ ಮಾತುಗಳೂ ಈಗ ಭಾರವಾಗುತ್ತವೆ. ಗುಬ್ಬಿಗೆ ಇರುವುದು ಸುಮಾರು 20 ಕಿಲೋಮೀಟರು. ಮಲ್ಲಸಂದ್ರ ದಾಟಿದೊಡನೆ ಓದುಗ ಉಳಿದ ದಾರಿಯನ್ನು ಎಣಿಸತೊಡಗುತ್ತಾನೆ. ತುಟಿಗೆ ಬಂದ ಲೋಟ ಕಂಡಕ್ಟರು ಟಿಕೇಟು ಕೇಳಿದ್ದರಿಂದ ಕೆಳಗಿಳಿದರೆ, ಉಸಿರು ಬಿಡುವವನೂ ಅವನೇ.

ಇಲ್ಲಿ ಕಥೆಗಾರ ಎಡವುವ ಜಾಗವೊಂದುಂಟು. ವರ್ತಕನಿಗೂ ಕಾಣುವಂತೆ ಅಪಾಯದ ಗುರುತುಗಳನ್ನು ಚೆಲ್ಲಿ, ಅವನು ಲಕ್ಷಿಸಲಿಲ್ಲವೆಂದು ಬರೆದರೆ ಅವನು ಮುಗ್ಧನಲ್ಲ, ದಡ್ಡನಾಗುತ್ತಾನೆ. ಓದುಗನ ಕಾತರ ಆಗ ಬೇಸರಕ್ಕೆ ತಿರುಗುತ್ತದೆ.

ಕಥೆಯ ಕೊನೆಯೇ ಗೊತ್ತಿದ್ದರೆ ಕಾತರ ಉಳಿದೀತೆ ಎಂದು ಕೇಳಬಹುದು. ಮಳೆ ಬಾರದಾಗ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವವನ್ನು ಓದಿಸುವ ವಾಡಿಕೆಯುಂಟು. ಕೀಚಕ ಸಿಂಗರಿಸಿಕೊಂಡು ಇರುಳಿನಲ್ಲಿ ನಾಟ್ಯಶಾಲೆಗೆ ನಡೆಯುತ್ತಾನೆ. ಅಲ್ಲಿ ಕಾದಿರುವವನು ಭೀಮನೆಂಬುದು ಅವನೊಬ್ಬನಿಗೆ ತಿಳಿಯದು, ಕೇಳುವವರಿಗೆಲ್ಲ ತಿಳಿದಿದೆ. ಕೀಚಕ ಸಾಯುವನೆಂಬುದರಲ್ಲಿ ಸಂಶಯವೇ ಇಲ್ಲ. ಆದರೂ ಗದ್ದಲವೆದ್ದು ಪಾಂಡವರ ಅಜ್ಞಾತವಾಸ ಬಯಲಾದರೆ ಗತಿಯೇನು ಎಂಬ ಪ್ರಶ್ನೆ ಭೀಮನ ಒಂದೊಂದು ಹೊಡೆತದೊಡನೆಯೂ ಜೀವಂತವಾಗಿರುತ್ತದೆ. ಕಾತರಕ್ಕೆ ಬೇಕಾದದ್ದು ಮುಚ್ಚಿಟ್ಟ ಗುಟ್ಟಲ್ಲ. ಇನ್ನೂ ತೀರದಿರುವ ಒಂದು ಪ್ರಶ್ನೆ.

ಹಾಗೆಂದು ಅಚ್ಚರಿಯನ್ನು ಹೊರಗಟ್ಟಬೇಕಿಲ್ಲ. ವರ್ತಕ ಕುಣಿಗಲ್ಲಿನಲ್ಲೇ ಹಣವನ್ನು ಬ್ಯಾಂಕಿಗೆ ಕಟ್ಟಿದ್ದನೆಂದೂ ಚೀಲದಲ್ಲಿದ್ದದ್ದು ಹಳೆಯ ಲೆಕ್ಕದ ಪುಸ್ತಕಗಳೆಂದೂ ಕೊನೆಯಲ್ಲಿ ತಿಳಿಯಲಿ. ಆದರೆ ಬ್ಯಾಂಕಿನ ಮೆಟ್ಟಿಲಿಳಿಯುವ ಅವನನ್ನು ಓದುಗ ಮೊದಲ ಪುಟದಲ್ಲಿಯೇ, ಅರ್ಥ ಹೊಳೆಯದೆ, ಕಂಡಿರಬೇಕು. ಕಂಡಿರದಿದ್ದರೆ ಅದು ಅಚ್ಚರಿಯಲ್ಲ, ಮೋಸ.