ಎರಡು ಡಾಲರ್ ಟಿಕೆಟ್‌ನ ಅಸಲಿ ಬೆಲೆ

2016ರ ಜನವರಿ 13, ಬುಧವಾರ. ಅಮೆರಿಕದ ‘ಪವರ್‌ಬಾಲ್’ ಲಾಟರಿಯ ಜಾಕ್‌ಪಾಟ್ 158.6 ಕೋಟಿ ಡಾಲರ್ ಮುಟ್ಟಿತ್ತು. ಅಲ್ಲಿಯವರೆಗೆ ಅಷ್ಟು ದೊಡ್ಡ ಬಹುಮಾನವನ್ನು ಆ ದೇಶ ಕಂಡಿರಲಿಲ್ಲ. ಟಿಕೆಟ್ಟಿಗೆ ಎರಡು ಡಾಲರ್. ಲಾಟರಿಯೆಂದರೆ ದಡ್ಡರ ತೆರಿಗೆ ಎಂದು ಹೀಗಳೆಯುವವರೂ ಆ ವಾರ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದರು. ಏಕೆಂದರೆ ಲೆಕ್ಕ ಕೊಳ್ಳುವವರ ಪರವಾಗಿ ಇದ್ದಂತೆ ತೋರುತ್ತಿತ್ತು.

ಪವರ್‌ಬಾಲ್‌ನಲ್ಲಿ 69 ಸಂಖ್ಯೆಗಳಲ್ಲಿ ಐದನ್ನೂ, ಬೇರೆ 26ರಲ್ಲಿ ಒಂದನ್ನೂ ಆರಿಸಬೇಕು. ಹೀಗೆ ಆರಿಸಬಹುದಾದ ಜೋಡಣೆಗಳು ಒಟ್ಟು 29,22,01,338. ಜಾಕ್‌ಪಾಟ್ ಗೆಲ್ಲುವುದು ಅವುಗಳಲ್ಲಿ ಒಂದೇ ಒಂದು. ಹಾಗಾಗಿ 158.6 ಕೋಟಿಯನ್ನು 29.22 ಕೋಟಿಯಿಂದ ಭಾಗಿಸಿದರೆ ಒಂದು ಟಿಕೆಟ್‌ನ ಪಾಲಿಗೆ ಸುಮಾರು 5 ಡಾಲರ್ 43 ಸೆಂಟ್ ಬರುತ್ತದೆ. ಗಣಿತದವರು ಇದನ್ನು ನಿರೀಕ್ಷಿತ ಮೌಲ್ಯ ಎನ್ನುತ್ತಾರೆ. ಇದೇ ಆಟವನ್ನು ಲೆಕ್ಕವಿಲ್ಲದಷ್ಟು ಸಲ ಆಡಿದರೆ ಪ್ರತಿ ಟಿಕೆಟ್ಟಿಗೆ ಸರಾಸರಿ ಕೈಗೆ ಬರುವ ಹಣ ಅದು. ಎರಡು ಡಾಲರ್ ಕೊಟ್ಟು ಐದೂವರೆ ಡಾಲರ್ ಬೆಲೆಯ ವಸ್ತು ಸಿಗುತ್ತದೆಂದರೆ ಬಿಡುವವರು ಯಾರು?

ಆದರೆ ಜಾಹೀರಾತಿನ ಆ ಮೊತ್ತ ಯಾರ ಪೆಟ್ಟಿಗೆಯಲ್ಲೂ ಇರಲಿಲ್ಲ. ಅದು 30 ಕಂತುಗಳಲ್ಲಿ, 29 ವರ್ಷಗಳ ಉದ್ದಕ್ಕೂ, ವರ್ಷಕ್ಕೆ ಶೇ 5ರಷ್ಟು ಏರುತ್ತಾ ಸಿಗುವ ಹಣದ ಮೊತ್ತ. ಲಾಟರಿಯ ಬಳಿ ಆ ದಿನ ಇದ್ದ ನಗದು 98.35 ಕೋಟಿ ಡಾಲರ್. ಅದನ್ನು ಸರ್ಕಾರಿ ಬಾಂಡುಗಳಲ್ಲಿ ತೊಡಗಿಸಿದರೆ ಬಡ್ಡಿ ಸೇರಿ 158 ಕೋಟಿ ಆಗುತ್ತದೆ, ಅಷ್ಟೆ. ‘ಒಟ್ಟಿಗೇ ಕೊಡಿ’ ಎಂದವರಿಗೆ ಸಿಗುವುದು ಈ ನಗದು ಮಾತ್ರ. ಇಲ್ಲಿಗೆ ಟಿಕೆಟ್‌ನ ಮೌಲ್ಯ 3 ಡಾಲರ್ 37 ಸೆಂಟಿಗೆ ಇಳಿಯಿತು.

ಮುಂದಿನದು ತೆರಿಗೆ. ಆ ವರ್ಷ ಅಮೆರಿಕದ ಕೇಂದ್ರ ಆದಾಯ ತೆರಿಗೆಯ ಗರಿಷ್ಠ ದರ ಶೇ 39.6. ಇಷ್ಟು ದೊಡ್ಡ ಮೊತ್ತದಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ದರಕ್ಕೇ ಸಿಕ್ಕಿಬೀಳುತ್ತದೆ. ಉಳಿದದ್ದು 2 ಡಾಲರ್ 3 ಸೆಂಟ್. ನ್ಯೂಯಾರ್ಕಿನಂಥ ಕಡೆ ರಾಜ್ಯ ತೆರಿಗೆಯೂ ಇದೆ, ಅದನ್ನು ಸದ್ಯಕ್ಕೆ ಬಿಡೋಣ. ಜಾಕ್‌ಪಾಟ್ ಬಿಟ್ಟು ಉಳಿದ ಚಿಕ್ಕಪುಟ್ಟ ಬಹುಮಾನಗಳೆಲ್ಲ ಸೇರಿ ಟಿಕೆಟ್ಟಿಗೆ ಸುಮಾರು 32 ಸೆಂಟ್ ಕೊಡುತ್ತವೆ. ಕೂಡಿಸಿದರೆ 2 ಡಾಲರ್ 35 ಸೆಂಟ್. ತೆರಿಗೆ ಕಟ್ಟಿದ ಮೇಲೂ ಟಿಕೆಟ್ ಲಾಭದ್ದೇ ಎಂದು ಹಲವರು ಇಲ್ಲಿಗೇ ಲೆಕ್ಕ ನಿಲ್ಲಿಸಿದರು. ಅವರು ಮರೆತದ್ದು ಪಕ್ಕದಲ್ಲಿ ಕ್ಯೂ ನಿಂತವರನ್ನು.

ಆ ಡ್ರಾಗೆ ಮಾರಾಟವಾದ ಟಿಕೆಟ್‌ಗಳು ಸುಮಾರು 63.5 ಕೋಟಿ. ಇರುವ ಜೋಡಣೆಗಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಾಗಿದ್ದ ಮೇಲೆ ಒಂದೇ ಜೋಡಣೆಯನ್ನು ಹಲವರು ಹಿಡಿದಿರುತ್ತಾರೆ, ಗೆದ್ದರೆ ಹಂಚಿಕೊಳ್ಳಬೇಕು. ಈ ಹಂಚಿಕೆಯನ್ನು ಲೆಕ್ಕ ಹಾಕಲು ದೊಡ್ಡ ಸೂತ್ರಗಳಿವೆ, ಆದರೆ ನನಗೆ ಹಿಡಿಸಿದ್ದು ಒಂದು ಅಡ್ಡದಾರಿ. ಎಲ್ಲರೂ ಸಂಖ್ಯೆಗಳನ್ನು ಕಣ್ಣುಮುಚ್ಚಿ ಆರಿಸಿದ್ದಾರೆ ಎಂದುಕೊಳ್ಳಿ. ಆಗ ಯಾವ ಟಿಕೆಟ್ಟೂ ಇನ್ನೊಂದಕ್ಕಿಂತ ಮೇಲಲ್ಲ. ಜಾಕ್‌ಪಾಟ್ ಎಷ್ಟು ಜನರ ನಡುವೆ ಹರಿದುಹಂಚಿದರೂ ಕೊಟ್ಟ ಒಟ್ಟು ಹಣ ಅಷ್ಟೇ. ಆದ್ದರಿಂದ ಯಾರಾದರೊಬ್ಬರು ಗೆಲ್ಲುವ ಸಾಧ್ಯತೆಯಿಂದ ಆ ಹಣವನ್ನು ಗುಣಿಸಿ, ಟಿಕೆಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು.

63.5 ಕೋಟಿ ಟಿಕೆಟ್‌ಗಳು ಅಡ್ಡಾದಿಡ್ಡಿ ಬಿದ್ದಾಗ ಜೋಡಣೆಗಳಲ್ಲಿ ಸುಮಾರು ಶೇ 88.6ರಷ್ಟು ಯಾರಾದರೊಬ್ಬರ ಕೈಯಲ್ಲಿ ಇರುತ್ತವೆ, ಉಳಿದವನ್ನು ಯಾರೂ ಕೊಂಡಿರುವುದಿಲ್ಲ. 98.35 ಕೋಟಿಯ ಶೇ 88.6 ಅಂದರೆ ಸುಮಾರು 87 ಕೋಟಿ. ಅದನ್ನು 63.5 ಕೋಟಿ ಟಿಕೆಟ್‌ಗಳಿಗೆ ಹಂಚಿದರೆ ತಲಾ 1 ಡಾಲರ್ 37 ಸೆಂಟ್. ತೆರಿಗೆ ಕಳೆದರೆ 83 ಸೆಂಟ್. ಚಿಲ್ಲರೆ ಬಹುಮಾನಗಳ 32 ಸೆಂಟ್ ಸೇರಿಸಿದರೆ 1 ಡಾಲರ್ 15 ಸೆಂಟ್. ಐದೂವರೆ ಡಾಲರಿನ ಟಿಕೆಟ್ ಕೊನೆಗೆ ಮುಟ್ಟಿದ ಬೆಲೆ ಇದು. ಅಂದಹಾಗೆ ಆ ರಾತ್ರಿ ಗೆದ್ದ ಟಿಕೆಟ್‌ಗಳು ಮೂರು: ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಟೆನೆಸ್ಸಿಯಲ್ಲಿ ಒಂದೊಂದು. ಮೂರೂ ಕಡೆ ಲಾಟರಿ ಹಣಕ್ಕೆ ರಾಜ್ಯ ತೆರಿಗೆ ಇಲ್ಲದ್ದು ಅವರ ಅದೃಷ್ಟದ ಮೇಲಿನ ಅದೃಷ್ಟ.

ಯಾರೂ ಗೆಲ್ಲದೆ ಹಣ ಮುಂದಿನ ಡ್ರಾಗೆ ಉರುಳುವುದನ್ನು ರೋಲ್‌ಓವರ್ ಎನ್ನುತ್ತಾರೆ. ಈ ಜಾಕ್‌ಪಾಟ್ 2015ರ ನವೆಂಬರ್ ಮೊದಲ ವಾರದಲ್ಲಿ 4 ಕೋಟಿಯಿಂದ ಹೊರಟು ಹೀಗೆ ಉರುಳುತ್ತ ಬಂದದ್ದು. ಜನವರಿ 9ರಂದು ಸುಮಾರು 44 ಕೋಟಿ ಟಿಕೆಟ್ ಮಾರಾಟವಾಗಿಯೂ ಗೆದ್ದವರಿಲ್ಲ. ಹಿಂದಿನ ವಾರಗಳಲ್ಲಿ ಸೋತವರು ಬಿಟ್ಟುಹೋದ ಹಣವೇ ಈ ವಾರ ಕೊಳ್ಳುವವನಿಗೆ ಸಿಗುವ ಸಬ್ಸಿಡಿ. ಟಿಕೆಟ್ ಮಾರಾಟದ ಅರ್ಧ ಮಾತ್ರ ಬಹುಮಾನಕ್ಕೆ ಹೋಗುವ ಆಟದಲ್ಲಿ ಕೊಂಡವನಿಗೆ ಲಾಭವೆಂಬುದು ಇದ್ದರೆ ಇಲ್ಲಿಂದಲೇ ಬರಬೇಕು. ಜನವರಿ 13ಕ್ಕೆ ಉರುಳಿ ಬಂದ ನಗದು ಅರವತ್ತು ಕೋಟಿಗೆ ಹತ್ತಿರವಿತ್ತು. ಆದರೆ ಮೊತ್ತ ದೊಡ್ಡದಾದಷ್ಟೂ ಜನ ಮುಗಿಬೀಳುತ್ತಾರೆ, ಸಬ್ಸಿಡಿ ಅಷ್ಟು ಕೈಗಳಿಗೆ ಹರಿದುಹೋಗುತ್ತದೆ. ಇನ್ನೂ ಒಂದು ಮಾತಿದೆ. ಆ ದಿನ ಬೇರೆ ಯಾರೂ ಟಿಕೆಟ್ ಕೊಳ್ಳದೆ, ಹಳೆಯ ಅರವತ್ತು ಕೋಟಿಗೆ ನೀವೊಬ್ಬರೇ ಆಡಿದ್ದರೂ ತೆರಿಗೆ ಕಳೆದು, ಚಿಲ್ಲರೆ ಸೇರಿಸಿ ಟಿಕೆಟ್‌ನ ಮೌಲ್ಯ ಒಂದೂವರೆ ಡಾಲರ್ ದಾಟುತ್ತಿದ್ದದ್ದು ಸ್ವಲ್ಪವೇ. ದಾಖಲೆಯ ಜಾಕ್‌ಪಾಟ್ ಖಾಲಿ ಅಂಗಡಿಯಲ್ಲೂ ಗಿಟ್ಟುತ್ತಿರಲಿಲ್ಲ.

ಎಲ್ಲರೂ ಕಣ್ಣುಮುಚ್ಚಿ ಆರಿಸುತ್ತಾರೆ ಎಂದುಕೊಂಡೆವಲ್ಲ, ಅದು ಪೂರ್ತಿ ನಿಜವಲ್ಲ. ಹುಟ್ಟಿದ ದಿನದ ನೆಪದಲ್ಲಿ 31ರೊಳಗಿನ ಸಂಖ್ಯೆಗಳಿಗೆ ಗಿರಾಕಿಗಳು ಜಾಸ್ತಿ. ಚೀಟಿಯ ಮೇಲೆ ಚೆಂದದ ಗೆರೆ ಮೂಡುವಂತೆ ಗುರುತು ಹಾಕುವವರೂ ಇದ್ದಾರೆ. 1995ರ ಜನವರಿ 14ರಂದು ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯಲ್ಲಿ 7, 17, 23, 32, 38, 42 ಬಂದವು. ಮಾರಾಟವಾದ ಟಿಕೆಟ್‌ಗಳ ಲೆಕ್ಕದಲ್ಲಿ ನಾಲ್ಕೈದು ಮಂದಿ ಗೆಲ್ಲಬೇಕಿತ್ತು, ಗೆದ್ದವರು 133! ಚೀಟಿಯಲ್ಲಿ ಆ ಸಂಖ್ಯೆಗಳು ನಡುಭಾಗದಲ್ಲೇ ಇದ್ದದ್ದು ಕಾರಣವಿರಬಹುದೆಂದು ಊಹಿಸಿದವರಿದ್ದಾರೆ. ಸುಮಾರು 1.63 ಕೋಟಿ ಪೌಂಡಿನ ಜಾಕ್‌ಪಾಟ್‌ನಲ್ಲಿ ಒಬ್ಬೊಬ್ಬರಿಗೆ ಸಿಕ್ಕಿದ್ದು 1,22,510 ಪೌಂಡ್. ಬ್ರಿಟನ್ನಿನಲ್ಲಿ ಲಾಟರಿ ಗೆಲುವಿಗೆ ತೆರಿಗೆ ಇಲ್ಲ, ಕಂತುಗಳ ಗೋಜೂ ಇಲ್ಲ. ಆ ಮೊತ್ತವನ್ನು ಕರಗಿಸಿದ್ದು ಹಂಚಿಕೆಯೊಂದೇ. ಜನ ಬೇಡವೆನ್ನುವ ಸಂಖ್ಯೆಗಳನ್ನು ಆರಿಸಿದರೆ ಗೆಲ್ಲುವ ಸಾಧ್ಯತೆ ಎಳ್ಳಷ್ಟೂ ಹೆಚ್ಚುವುದಿಲ್ಲ, ಗೆದ್ದಾಗ ಪಾಲುದಾರರು ಕಡಿಮೆಯಾಗುತ್ತಾರೆ, ಅಷ್ಟೇ.

ಕರ್ನಾಟಕದಲ್ಲಿ ಲಾಟರಿ ನಿಷೇಧವಾದದ್ದು 2007ರಲ್ಲಿ. ಗಡಿ ದಾಟಿ ಕೇರಳದ ಟಿಕೆಟ್ ಕೊಳ್ಳುವ ನಮ್ಮವರಿಗೆ ಲೆಕ್ಕ ಇಷ್ಟು ಕಷ್ಟದ್ದಲ್ಲ. ಅಲ್ಲಿ ಸರಣಿ ಮತ್ತು ಸಂಖ್ಯೆ ಮುದ್ರಿಸಿದ ಟಿಕೆಟ್, ಒಂದು ಸಂಖ್ಯೆಗೆ ಒಬ್ಬನೇ ಒಡೆಯ. ಮೊದಲ ಬಹುಮಾನವನ್ನು ಪಾಲು ಮಾಡುವ ಮಾತಿಲ್ಲ, ಅದು ಮುಂದಿನ ಡ್ರಾಗೆ ಉರುಳುವುದೂ ಇಲ್ಲ. ಕತ್ತರಿ ಹಾಕುವುದು ಕಮಿಷನ್ ಮತ್ತು ತೆರಿಗೆ ಎರಡೇ. 2022ರ ತಿರುವೋಣಂ ಬಂಪರ್ ತೆಗೆದುಕೊಳ್ಳಿ: ಟಿಕೆಟ್ಟಿಗೆ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ. ಏಜೆಂಟ್ ಕಮಿಷನ್ ಶೇ 10 ಕಳೆದರೆ 22.5 ಕೋಟಿ. ಅದರ ಮೇಲೆ ಶೇ 30 ತೆರಿಗೆ, ಆ ತೆರಿಗೆಯ ಮೇಲೆ ಶೇ 37 ಸರ್ಚಾರ್ಜ್, ಎಲ್ಲದರ ಮೇಲೆ ಶೇ 4 ಸೆಸ್. ಕೈಗೆ ಬರುವುದು 12.88 ಕೋಟಿ ಚಿಲ್ಲರೆ. ಮಾರಾಟವಾದ ಸುಮಾರು 66 ಲಕ್ಷ ಟಿಕೆಟ್‌ಗಳಿಗೆ ಅದನ್ನು ಹಂಚಿದರೆ, ಐನೂರರ ಟಿಕೆಟ್‌ನಲ್ಲಿ ಆ ಮೊದಲ ಬಹುಮಾನದ ಮೌಲ್ಯ ಇಪ್ಪತ್ತು ರೂಪಾಯಿಗೆ ಸ್ವಲ್ಪ ಕಡಿಮೆ.